ರೇಟ್ ಬಿಡಿ, ಖರ್ಚಿನ ತಾರೀಖು ಹೇಳಿ

ಹೊರದೇಶದಲ್ಲಿ ದುಡಿಯುವವರು ಉಳಿತಾಯದ ಮಾತಿಗೆ ಕೂತರೆ ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ: "ಈಗ ರೇಟ್ ಚೆನ್ನಾಗಿದೆ, ಊರಿಗೆ ಕಳಿಸಿಬಿಡಲಾ? ಇನ್ನೂ ಸ್ವಲ್ಪ ಕಾಯಲಾ?" ಆರು ತಿಂಗಳ ನಂತರದ ವಿನಿಮಯ ದರವನ್ನು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಈ ಹಣ ಯಾವ ದೇಶದಲ್ಲಿ, ಯಾವಾಗ ಖರ್ಚಾಗುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಯಾವ ಕರೆನ್ಸಿಯಲ್ಲಿ ಎಷ್ಟು ಎಂಬುದು ಮುಕ್ಕಾಲು ಪಾಲು ಇತ್ಯರ್ಥವಾದಂತೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ದುಡಿಯುವ ದೇಶದ 1 ಘಟಕಕ್ಕೆ ಊರಿನ 20 ಘಟಕ ಸಿಗುತ್ತದೆ ಎಂದುಕೊಳ್ಳಿ. ಒಬ್ಬರ ಉಳಿತಾಯ ಅಲ್ಲಿನ ಹಣದಲ್ಲಿ 24,000. ಅಲ್ಲಿ ತಿಂಗಳ ಖರ್ಚು 1,200. ಆಪತ್ತಿಗೆಂದು ಆರು ತಿಂಗಳ ಖರ್ಚು ಅಲ್ಲೇ ಇಡಬೇಕು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಇವರ ವೀಸಾ ಕೆಲಸಕ್ಕೆ ಕಟ್ಟಿಹಾಕಿದ್ದು. ಕೆಲಸ ಹೋದರೆ ಎರಡು ತಿಂಗಳಲ್ಲಿ ದೇಶ ಬಿಡಬೇಕು. ಆರು ತಿಂಗಳು ಅಲ್ಲಿ ಇರಲು ಬಿಡುವವರಾರು? ಮೂರು ತಿಂಗಳ ಖರ್ಚು 3,600, ಟಿಕೆಟ್ ಮತ್ತು ಸಾಮಾನು ಸಾಗಣೆಗೆ 1,400, ಒಟ್ಟು 5,000 ಅಲ್ಲಿನ ಹಣದಲ್ಲಿ ಇದ್ದರೆ ಸಾಕು. ಆಮೇಲೆ ಕೆಲಸ ಹುಡುಕುವ ಆರು ತಿಂಗಳು ಅವರು ಊರಿನಲ್ಲಿರುತ್ತಾರೆ. ಊರಿನ ಹಣದಲ್ಲಿ ಮನೆಖರ್ಚು ತಿಂಗಳಿಗೆ 10,000, ಸಾಲದ ಕಂತು 8,000. ಆರು ತಿಂಗಳಿಗೆ 1,08,000 ಊರಿನ ಹಣ, ಅಂದರೆ ಇಂದಿನ ದರದಲ್ಲಿ 5,400. ಹದಿನೆಂಟು ತಿಂಗಳಲ್ಲಿ ಮನೆ ಕಟ್ಟಲು 2,00,000 ಬೇಕು; ಅದು 10,000. ಉಳಿದ 3,600ಕ್ಕೆ ದೇಶವೂ ಇಲ್ಲ, ತಾರೀಖೂ ಇಲ್ಲ. ಅದನ್ನು ಅರ್ಧರ್ಧ ಇಡಿ. ಅಲ್ಲಿಗೆ ಆ 24,000ದಲ್ಲಿ 17,200 ಊರಿನ ಹಣವಾಗಿ ಬದಲಾಗುತ್ತದೆ, 6,800 ದುಡಿಯುವ ದೇಶದ ಹಣವಾಗಿಯೇ ಉಳಿಯುತ್ತದೆ. ಅದೇ 24,000 ಇದ್ದು, ಕಾಯಂ ವಾಸದ ಅನುಮತಿ ಪಡೆದು, ಮಗುವನ್ನು ಅಲ್ಲೇ ಕಾಲೇಜಿಗೆ ಸೇರಿಸುವವರಿಗೆ ಈ ಹಂಚಿಕೆ ಪೂರ್ತಿ ತಲೆಕೆಳಗು. ಸ್ನೇಹಿತ ಎಷ್ಟು ಕಳಿಸಿದ ಎಂದು ನೋಡಿ ಕಳಿಸಬೇಡಿ.

ಇಷ್ಟು ಹೇಳಿದ ಮೇಲೂ ಬರುವ ಮಾತು: "ಊರಿನಲ್ಲಿ ಬಡ್ಡಿ 7 ಪ್ರತಿಶತ, ಇಲ್ಲಿ 2. ಎಲ್ಲವನ್ನೂ ಅಲ್ಲಿಗೇ ಹಾಕಬಾರದೇ?" ಜನ ಮತ್ತೆ ಮತ್ತೆ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. 1,000 ಘಟಕ ಊರಿಗೆ ಕಳಿಸಿದರೆ 20,000; ವರ್ಷಕ್ಕೆ 21,400 ಆಗುತ್ತದೆ. ದುಡಿಯುವ ದೇಶದಲ್ಲೇ ಬಿಟ್ಟಿದ್ದರೆ 1,020. ಊರಿನ ಹಣದ ಬೆಲೆ ಇಳಿದು ದರ 20ರಿಂದ ಸುಮಾರು 21ಕ್ಕೆ ಜಾರಿದರೆ ಎರಡೂ ಒಂದೇ ಮೊತ್ತ. ಹೋಗುವಾಗ ಬರುವಾಗ ತಲಾ 1 ಪ್ರತಿಶತ ವಿನಿಮಯದಲ್ಲಿ ಸೋರಿದರೆ, ಆ ದರದಲ್ಲಿ ವಾಪಸ್ ಕೈಗೆ ಬರುವುದು 999 ಮಾತ್ರ. ಏಳು ಪ್ರತಿಶತ ಬಡ್ಡಿ ಪಡೆದೂ ಅಸಲು ಕರಗಿದೆ. ಹೆಚ್ಚಿನ ಬಡ್ಡಿ ಕೊಡುವ ಕರೆನ್ಸಿಯಲ್ಲಿ ಸಾಮಾನ್ಯವಾಗಿ ಬೆಲೆಏರಿಕೆಯೂ ಹೆಚ್ಚು, ಮೌಲ್ಯ ಕುಸಿಯುವ ಅಪಾಯವೂ ಹೆಚ್ಚು. ಆದರೆ ಅದೇ 21,400 ಊರಿನಲ್ಲೇ ಮನೆಗೆ ಖರ್ಚಾಗುವುದಾದರೆ ದರ ಜಾರಿದ್ದರಿಂದ ನಿಮ್ಮ ಕಟ್ಟಡದ ಲೆಕ್ಕ ಕೆಡುವುದಿಲ್ಲ. ಲಾಭನಷ್ಟವನ್ನು ಖರ್ಚಾಗುವ ಕರೆನ್ಸಿಯಲ್ಲಿ ಅಳೆಯಿರಿ.

ಬಡ್ಡಿಯನ್ನಷ್ಟೇ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಪೋಲೆಂಡ್ ಉದಾಹರಣೆ ಇದೆ. ಅಲ್ಲಿ ಲಕ್ಷಾಂತರ ಜನ ಝ್ಲೋಟಿಯಲ್ಲಿ ಸಂಬಳ ಪಡೆಯುತ್ತ, ಬಡ್ಡಿ ಕಡಿಮೆಯೆಂದು ಸ್ವಿಸ್ ಫ್ರಾಂಕ್‌ ಆಧರಿತ ಗೃಹಸಾಲ ಪಡೆದಿದ್ದರು. ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ದರ ಇಳಿಯಬಿಡುವುದಿಲ್ಲ ಎಂದು 2011ರಿಂದ ಕಾಯ್ದುಕೊಂಡಿದ್ದ ಮಿತಿಯನ್ನು ಸ್ವಿಟ್ಜರ್ಲೆಂಡ್‌ನ ಕೇಂದ್ರೀಯ ಬ್ಯಾಂಕ್ 2015ರ ಜನವರಿ 15ರಂದು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. ಫ್ರಾಂಕ್ ಅದೇ ದಿನ ಜಿಗಿಯಿತು. ಝ್ಲೋಟಿಯ ಲೆಕ್ಕದಲ್ಲಿ ಅವರ ಸಾಲವೂ ಉಬ್ಬಿತು. ನಿಮ್ಮ ಸಂಬಳದ ಕರೆನ್ಸಿಯನ್ನು ಡಾಲರ್‌ಗೆ ಒಂದೇ ದರದಲ್ಲಿ ಕಟ್ಟಿಹಾಕಿದ್ದರೂ ಅದು ಎಂದೆಂದಿಗೂ ಹಾಗೇ ಇರುತ್ತದೆ ಎಂದು ಲೆಕ್ಕ ಹಾಕಬೇಡಿ.

ಮನೆಯ 10,000ವನ್ನು ತಿಂಗಳಿಗೆ 1,000ದಂತೆ ಹತ್ತು ಕಂತಿನಲ್ಲಿ ಬದಲಿಸಿ, ಪ್ರತಿ ಸಂಬಳದ ಮರುದಿನ, ದರ ನೋಡದೆ. ಕೊನೆಯ ತಿಂಗಳವರೆಗೆ ಕಾದವರು ಅಂದಿನ ದರ ಎಷ್ಟಿದ್ದರೂ ಒಪ್ಪಲೇಬೇಕಾಗುತ್ತದೆ. "ಶುಲ್ಕವಿಲ್ಲ" ಎಂಬ ಮಾತನ್ನೂ ಪರೀಕ್ಷಿಸಿ: ಊರಿಗೆ ತಲುಪಿದ ಮೊತ್ತವನ್ನು ಖಾತೆಯಿಂದ ಹೋದ ಮೊತ್ತದಿಂದ ಭಾಗಿಸಿ. ಮಾರುಕಟ್ಟೆಯಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಮಧ್ಯದರ 20 ಇದ್ದಾಗ 1,000ಕ್ಕೆ 19,500 ತಲುಪಿದ್ದರೆ 25 ಘಟಕ ದರದೊಳಗೇ ಕತ್ತರಿಸಿಹೋಗಿದೆ.

ಊರಿನ ಖಾತೆಗೆ ಹಾಕುವ ಮುನ್ನ ಅನಿವಾಸಿಯಾಗಿ ನೀವು ಆ ಖಾತೆ ಇಟ್ಟುಕೊಳ್ಳಬಹುದೇ, ಹಣವನ್ನು ಮತ್ತೆ ಹೊರಗೆ ಕಳಿಸಲು ಮಿತಿಯಿದೆಯೇ ಎಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ಬಡ್ಡಿಗೆ ಎರಡೂ ಕಡೆ ತೆರಿಗೆ ಬೀಳಬಹುದು. ಆ ಎರಡು ದೇಶಗಳ ನಿಯಮ ತಿಳಿದವರನ್ನೇ ಕೇಳಿ. ಈ ಹಂಚಿಕೆಯನ್ನು ಬದಲಿಸಬೇಕಾದ್ದು ವೀಸಾ ಬದಲಾದಾಗ, ಸಾಲ ತೀರಿದಾಗ, ಮನೆ ಕಟ್ಟುವ ತಾರೀಖು ಮುಂದೆ ಹೋದಾಗ. ಬೇರೇನೂ ಆಗದಿದ್ದರೆ ವರ್ಷಕ್ಕೊಮ್ಮೆ ಲೆಕ್ಕ ತೆಗೆದು, ತಾರೀಖಿಲ್ಲದ ಆ 3,600ರಲ್ಲಿ ಒಂದು ಬದಿ ಮೂರರಲ್ಲಿ ಎರಡು ಪಾಲು ದಾಟಿದ್ದರೆ ಮಾತ್ರ, ಹೊಸ ಉಳಿತಾಯವನ್ನು ಇನ್ನೊಂದು ಬದಿಗೆ ಹಾಕಿ ಸರಿದೂಗಿಸಿ.