ಸೂಚ್ಯಂಕ ಇದ್ದಲ್ಲೇ ಇದೆ, ಎರಡೂ ಫಂಡುಗಳು ಕರಗಿದ್ದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ಮಗ ಅಮೆರಿಕದ ನಾಸ್ಡಾಕ್-100 ಸೂಚ್ಯಂಕದ ಎರಡು ಪಟ್ಟು ಏರಿಳಿಯುವ ಇಟಿಎಫ್ ಒಂದನ್ನು ಕೊಂಡಿದ್ದಾನೆ. ರಕ್ಷಣೆಗಿರಲಿ ಎಂದು, ಸೂಚ್ಯಂಕ ಇಳಿದಷ್ಟೇ ಏರುವ ಇನ್ವರ್ಸ್ ಇಟಿಎಫ್ ಅನ್ನೂ ಕೊಂಡಿದ್ದಾನೆ. ಕೆಲವು ತಿಂಗಳ ನಂತರ ಸೂಚ್ಯಂಕ ಹೆಚ್ಚುಕಡಿಮೆ ಕೊಂಡ ದಿನದ ಮಟ್ಟದಲ್ಲೇ ಇದೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರಬೇಕಿತ್ತಲ್ಲವೇ? ಎರಡರಲ್ಲೂ ನಷ್ಟವಾದದ್ದು ಹೇಗೆ?
– ಅಡಿಕೆ ಬೆಳೆಗಾರರೊಬ್ಬರು, ಶಿರಸಿ

ಉತ್ತರ: ಈ ಫಂಡುಗಳು ಕೊಟ್ಟಿರುವ ಮಾತು ಒಂದು ದಿನದ್ದು ಮಾತ್ರ. ಇಂದಿನ ಏರಿಳಿತದ ಎರಡು ಪಟ್ಟು ಅಥವಾ ಅದರ ವಿರುದ್ಧದ ಫಲವನ್ನು ಇಂದೇ ಕೊಡುತ್ತೇವೆ ಎಂಬುದಷ್ಟೇ ಆ ಮಾತು. ತಿಂಗಳ ಅಥವಾ ವರ್ಷದ ಏರಿಳಿತಕ್ಕೆ ಅದು ಅನ್ವಯಿಸುವುದಿಲ್ಲ. ನಾಳೆಯೂ ಅದೇ ಮಾತನ್ನು ಉಳಿಸಿಕೊಳ್ಳಬೇಕಾದರೆ, ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಫಂಡು ತನ್ನ ವಹಿವಾಟಿನ ಗಾತ್ರವನ್ನು ಪ್ರತಿದಿನ ಸರಿಹೊಂದಿಸಿಕೊಳ್ಳಲೇಬೇಕು. ನಷ್ಟದ ಮೂಲ ಇರುವುದು ಇಲ್ಲಿ.

ಲೆಕ್ಕ ಸ್ಪಷ್ಟವಾಗಲೆಂದು ದೊಡ್ಡ ಏರಿಳಿತವನ್ನೇ ತೆಗೆದುಕೊಳ್ಳೋಣ. ಸೂಚ್ಯಂಕ 100ರಲ್ಲಿದೆ, ಮೊದಲ ದಿನ ಶೇ. 10 ಏರಿ 110 ಆಗುತ್ತದೆ, ಮರುದಿನ ಶೇ. 9.09 ಇಳಿದು ಮತ್ತೆ 100ಕ್ಕೆ ಬರುತ್ತದೆ. ಎರಡು ಪಟ್ಟಿನ ಫಂಡಿನಲ್ಲಿ ನಿಮ್ಮ 100 ರೂಪಾಯಿ ಇದ್ದರೆ, ಪೂರ್ತಿ ಹಣ ಕೊಟ್ಟು ಷೇರು ಕೊಳ್ಳದೆಯೇ ಏರಿಳಿತದ ಲಾಭನಷ್ಟವನ್ನು ಪಡೆಯುವ ಸ್ವಾಪ್ ಮತ್ತು ಫ್ಯೂಚರ್ಸ್ ಒಪ್ಪಂದಗಳ ಮೂಲಕ ಅದು 200 ರೂಪಾಯಿಯ ಸೂಚ್ಯಂಕವನ್ನು ಹಿಡಿದಿರುತ್ತದೆ. ಮೊದಲ ದಿನದ ಕೊನೆಗೆ ಆ 200 ಎಂಬುದು 220 ಆಗುತ್ತದೆ, ನಿಮ್ಮ ಹಣ 120 ಆಗುತ್ತದೆ. ಆದರೆ 120ರ ಎರಡು ಪಟ್ಟು 240. ಹಾಗಾಗಿ ಫಂಡು ಏರಿದ ಬೆಲೆಯಲ್ಲಿ ಇನ್ನೂ 20 ರೂಪಾಯಿಯಷ್ಟು ಕೊಳ್ಳುತ್ತದೆ. ಮರುದಿನದ ಇಳಿತದಲ್ಲಿ 240ರ ಮೇಲೆ 21.82 ಹೋಗಿ, ನಿಮಗೆ ಉಳಿಯುವುದು 98.18. ಆ ಹೆಚ್ಚುವರಿ 20 ರೂಪಾಯಿಯನ್ನು ಕೊಳ್ಳದೇ ಇದ್ದಿದ್ದರೆ 220 ಮತ್ತೆ 200 ಆಗಿ, ನಿಮ್ಮ 100 ನಿಮಗೆ ಸಿಗುತ್ತಿತ್ತು. ಕಳೆದುಹೋದ 1.82 ರೂಪಾಯಿ, ಆ 20 ರೂಪಾಯಿಯ ಮೇಲೆ ಬಿದ್ದ ಶೇ. 9.09 ಇಳಿತವೇ.

ಇನ್ವರ್ಸ್ ಫಂಡಿನ ಲೆಕ್ಕವನ್ನು ಹೆಚ್ಚಿನವರು ಮಾಡಿ ನೋಡುವುದೇ ಇಲ್ಲ. ಅಂಥದೇ ಒಪ್ಪಂದಗಳ ಮೂಲಕ ಅದು ತನ್ನ ಬಳಿ ಇಲ್ಲದ 100 ರೂಪಾಯಿಯ ಸೂಚ್ಯಂಕವನ್ನು, ಮುಂದೆ ಮರಳಿ ಕೊಳ್ಳುವ ಲೆಕ್ಕದಲ್ಲಿ, ಮೊದಲೇ ಮಾರಿಟ್ಟಿರುತ್ತದೆ. ಸೂಚ್ಯಂಕ ಶೇ. 10 ಏರಿದಾಗ ನಿಮ್ಮ ಹಣ 90ಕ್ಕೆ ಇಳಿಯುತ್ತದೆ, ಮಾರಿಟ್ಟದ್ದರ ಮೌಲ್ಯ 110ಕ್ಕೆ ಏರುತ್ತದೆ. 90 ರೂಪಾಯಿಗೆ 90ರಷ್ಟೇ ಮಾರಿಟ್ಟಿರಬೇಕಾದ್ದರಿಂದ, ಅದೂ 20 ರೂಪಾಯಿಯಷ್ಟನ್ನು ಏರಿದ ಬೆಲೆಯಲ್ಲಿ ಮರಳಿ ಕೊಳ್ಳುತ್ತದೆ. ಮರುದಿನ 90ರ ಮೇಲೆ 8.18 ಲಾಭ ಬಂದು, ಅಲ್ಲಿಯೂ ಉಳಿಯುವುದು 98.18. ದಿಕ್ಕು ಬೇರೆಯಾದರೂ ಏರಿದ ದಿನ ಎರಡೂ ಫಂಡುಗಳು ಕೊಂಡವು, ಕೊಂಡ ಮೊತ್ತವೂ ಒಂದೇ. ಇಳಿದ ದಿನ ಎರಡೂ ಮಾರುತ್ತವೆ. ಆದ್ದರಿಂದಲೇ ಒಂದರ ನಷ್ಟವನ್ನು ಇನ್ನೊಂದು ತುಂಬಿಕೊಡಲಿಲ್ಲ. ಶಿರಸಿಯ ಮಾರುಕಟ್ಟೆಯಲ್ಲಿ ದರ ಏರಿದ ದಿನ ಅಡಿಕೆ ಕೊಂಡು ಇಳಿದ ದಿನ ಮಾರಲೇಬೇಕೆಂಬ ಕಟ್ಟುಪಾಡಿಗೆ ಬಿದ್ದ ವ್ಯಾಪಾರಿಗೆ, ವರ್ಷದ ಕೊನೆಗೆ ದರ ಎಲ್ಲಿದ್ದರೂ ನಡುವಿನ ಏರಿಳಿತವೇ ನಷ್ಟ ತರುವಂತೆ ಇದು. ಇನ್ವರ್ಸ್ ಫಂಡಿನಲ್ಲಿ ‘ಪಟ್ಟು’ ಇಲ್ಲ, ಹಾಗಾಗಿ ಅಪಾಯ ಕಡಿಮೆ ಎಂಬ ನಂಬಿಕೆಗೆ ಆಧಾರವಿಲ್ಲ. ಮೂರು ಪಟ್ಟಿನ ಫಂಡು ಮತ್ತು ಎರಡು ಪಟ್ಟಿನ ಇನ್ವರ್ಸ್ ಫಂಡು, ಇದೇ ಎರಡು ದಿನಗಳಲ್ಲಿ 94.55ಕ್ಕೆ ಬಂದು ನಿಲ್ಲುತ್ತವೆ.

ಸೂಚ್ಯಂಕವೊಂದು ದಿನಕ್ಕೆ ಶೇ. 10 ಏರಿಳಿಯುವುದು ತೀರ ಅಪರೂಪ. ದಿನದ ಸಾಮಾನ್ಯ ಏರಿಳಿತ ಶೇ. 1ರಷ್ಟಿದ್ದು, ಸೂಚ್ಯಂಕ ವರ್ಷದ ಕೊನೆಗೆ ಹೊರಟಲ್ಲಿಗೇ ಬಂದರೆ ಎರಡು ಪಟ್ಟಿನ ಫಂಡು ಸುಮಾರು ಶೇ. 2.5 ಕಳೆದುಕೊಳ್ಳುತ್ತದೆ. ಏರಿಳಿತ ಶೇ. 2 ಆದರೆ ನಷ್ಟ ಇಮ್ಮಡಿಯಾಗುವುದಿಲ್ಲ, ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಿನ ಫಂಡಿನಲ್ಲಿ ಅದು ಸುಮಾರು ಶೇ. 26. ಫಂಡಿನ ನಿರ್ವಹಣಾ ಶುಲ್ಕ ಇದರ ಮೇಲಿನದು. 2008ರ ಡಿಸೆಂಬರ್‌ನಿಂದ 2009ರ ಏಪ್ರಿಲ್‌ವರೆಗೆ ಅಮೆರಿಕದ ಹಣಕಾಸು ಷೇರುಗಳ ಸೂಚ್ಯಂಕವೊಂದು ಶೇ. 8ರಷ್ಟು ಏರಿದ್ದರೂ, ಅದರ ಮೂರು ಪಟ್ಟಿನ ಫಂಡು ಶೇ. 53, ಮೂರು ಪಟ್ಟಿನ ಇನ್ವರ್ಸ್ ಫಂಡು ಶೇ. 90 ಕುಸಿದವು. ಅಲ್ಲಿನ ನಿಯಂತ್ರಣ ಸಂಸ್ಥೆ ಫಿನ್ರಾ 2009ರಲ್ಲಿ ಬ್ರೋಕರುಗಳನ್ನು ಎಚ್ಚರಿಸಿದಾಗ ಕೊಟ್ಟ ಉದಾಹರಣೆ ಇದು.

ಆದರೆ ಈ ಸವಕಳಿ ಎಲ್ಲ ಕಾಲಕ್ಕೂ ನಷ್ಟವಾಗಿಯೇ ಕಾಣುತ್ತದೆ ಎನ್ನುವುದು ತಪ್ಪು. ಸೂಚ್ಯಂಕ ಸತತವಾಗಿ ಎರಡು ದಿನ ಶೇ. 10ರಂತೆ ಏರಿದರೆ ಅದರ ಒಟ್ಟು ಏರಿಕೆ ಶೇ. 21, ಎರಡು ಪಟ್ಟಿನ ಫಂಡಿನದು ಶೇ. 44, ಅಂದರೆ 42ಕ್ಕಿಂತ ಹೆಚ್ಚು. ಒಂದೇ ದಿಕ್ಕಿನಲ್ಲಿ ಸಾಗುವ ಮಾರುಕಟ್ಟೆಯಲ್ಲಿ ಅದೇ ಮರುಹೊಂದಿಕೆ ಲಾಭ ಕೊಡುತ್ತದೆ. ಕೊನೆಯ ಮಟ್ಟದಷ್ಟೇ ಅಲ್ಲಿಗೆ ತಲುಪಿದ ದಾರಿಯೂ ಫಲವನ್ನು ನಿರ್ಧರಿಸುತ್ತದೆ ಎಂಬುದೇ ಇಲ್ಲಿನ ತೊಡಕು, ಆ ದಾರಿಯನ್ನು ಮುಂಚಿತವಾಗಿ ಬಲ್ಲವರಿಲ್ಲ.

ನಿಮ್ಮ ಮಗನ ಉದ್ದೇಶ ರಕ್ಷಣೆಯೇ ಆಗಿದ್ದರೆ, ಇನ್ವರ್ಸ್ ಫಂಡನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಬದಲು ಎರಡು ಪಟ್ಟಿನ ಫಂಡಿನ ಒಂದು ಭಾಗವನ್ನು ಮಾರಿ ನಗದಾಗಿ ಇಡುವುದು ನನ್ನ ದೃಷ್ಟಿಯಲ್ಲಿ ಮೇಲು. ಇಳಿತದ ಹೊಡೆತ ಅದರಿಂದಲೂ ಕಡಿಮೆಯಾಗುತ್ತದೆ, ನಗದಾದ ಭಾಗಕ್ಕೆ ಪ್ರತಿದಿನ ಏರಿದಾಗ ಕೊಂಡು ಇಳಿದಾಗ ಮಾರುವ ಹಂಗಿರುವುದಿಲ್ಲ.