ಮಾಲೀಕರ ಬಾಡಿಗೆ ಪತ್ರವನ್ನು ಇಂಗ್ಲಿಷಿಗೆ ತರುವಾಗ: ಪದಕ್ಕೆ ಪದವೋ, ಸಾರಾಂಶವೋ?

ಪ್ರಶ್ನೆ: ನಮ್ಮ ಭಾವನ ಸ್ನೇಹಿತರೊಬ್ಬರು ವಿಜಯನಗರದ ಬಾಡಿಗೆ ಮನೆಯನ್ನು ಹಾಗೇ ಇಟ್ಟುಕೊಂಡು ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾರೆ. ಪುಣೆಯವರು, ಕನ್ನಡ ಓದಲು ಬರುವುದಿಲ್ಲ. ಮಾಲೀಕರು ಬಾಡಿಗೆ ಹೆಚ್ಚಿಸಿ ಕನ್ನಡದಲ್ಲಿ ಪತ್ರ ಕಳಿಸಿದ್ದಾರೆ. ಅದನ್ನು ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಪದಕ್ಕೆ ಪದ ಮಾಡಲೇ, ಸಾರಾಂಶ ಬರೆದರೆ ಸಾಕೇ?

ಉತ್ತರ: ಸಾರಾಂಶ ಬೇಡ. ಪತ್ರದ ಒಂದು ವಾಕ್ಯವನ್ನೂ ಬಿಡದೆ ಪೂರ್ತಿ ಮಾಡಿ. ಆದರೆ ಪದಕ್ಕೆ ಪದ ಇಟ್ಟರೆ ಅದು ಅವರಿಗೆ ಅರ್ಥವಾಗುವುದಿಲ್ಲ. ಪ್ರತಿ ವಾಕ್ಯದ ತೂಕ ಎಷ್ಟು ಅಂತ ನೋಡಿ, ಅಷ್ಟೇ ತೂಕದ ಸರಳ ಇಂಗ್ಲಿಷ್ ವಾಕ್ಯ ಬರೆಯಬೇಕು. ಇಂಥ ಪತ್ರಗಳು ಸಾಮಾನ್ಯವಾಗಿ ಹೀಗಿರುತ್ತವೆ:

"ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ವಾಸವಿರುವ ಸದರಿ ಮನೆಯ ಮಾಸಿಕ ಬಾಡಿಗೆಯನ್ನು ಕರಾರಿನ 4ನೇ ಷರತ್ತಿನಂತೆ ರೂ. 1,500 ಹೆಚ್ಚಿಸಿ, ದಿನಾಂಕ 01/07/2025ರಿಂದ ರೂ. 31,500ಕ್ಕೆ ನಿಗದಿಪಡಿಸಲಾಗಿದೆ. ಸದರಿ ಬಾಡಿಗೆಯನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಪಾವತಿಸತಕ್ಕದ್ದು. ಮುಂಗಡ ಹಣಕ್ಕೆ ರೂ. 15,000 ಸೇರಿಸಿ ಕೊಡಬೇಕಾಗಿ ಕೋರಿದೆ. ತಪ್ಪಿದಲ್ಲಿ ಮನೆಯನ್ನು ಖಾಲಿ ಮಾಡಿಕೊಡತಕ್ಕದ್ದು."

ನಾಲ್ಕೇ ವಾಕ್ಯ. ಆದರೆ ಎಡವುವ ಜಾಗ ಬಹಳ ಇವೆ.

ಮೊದಲು ಹಣದ ಮಾತು. ಕನ್ನಡದಲ್ಲಿ ಒಂದು ಪ್ರತ್ಯಯ ಇಡೀ ಲೆಕ್ಕವನ್ನೇ ಬದಲಾಯಿಸುತ್ತದೆ. "ರೂ. 1,500 ಹೆಚ್ಚಿಸಿ" ಅಂದರೆ ಅಷ್ಟು ಸೇರಿಸಿ ಎಂದರ್ಥ, ಇಂಗ್ಲಿಷಿನಲ್ಲಿ ಅದಕ್ಕೆ 'ಬೈ'. "31,500ಕ್ಕೆ" ಅಂದರೆ ಅಲ್ಲಿಗೆ ತಂದು ನಿಲ್ಲಿಸಿ, ಅದಕ್ಕೆ 'ಟು'. ಅವಸರದಲ್ಲಿ ಓದಿದಾಗ ಈ "ಕ್ಕೆ" ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಹಳೆಯ ಬಾಡಿಗೆಯನ್ನೂ ಕೇಳಿ ತಿಳಿದುಕೊಂಡು ಒಮ್ಮೆ ಕೂಡಿ ನೋಡಿ. ಮೂವತ್ತು ಸಾವಿರಕ್ಕೆ ಒಂದೂವರೆ ಸಾವಿರ ಸೇರಿದರೆ ಮೂವತ್ತೊಂದೂವರೆ, ಇಲ್ಲಿ ಲೆಕ್ಕ ಸರಿಯಾಗಿದೆ. ಮಾಲೀಕರು ಕೈತಪ್ಪಿ 31,000 ಅಂತ ಬರೆದಿದ್ದರೆ? ನೀವು ತಿದ್ದಲು ಹೋಗಬೇಡಿ. ಇಂಗ್ಲಿಷಿನಲ್ಲೂ 31,000 ಎಂದೇ ಬರೆದು, ಎರಡು ಸಂಖ್ಯೆ ತಾಳೆಯಾಗುತ್ತಿಲ್ಲ ಎಂದು ಕೆಳಗೆ ಬೇರೆಯಾಗಿ ಟಿಪ್ಪಣಿ ಹಾಕಿ. ಯಾವುದು ಸರಿ ಅಂತ ಹೇಳಬೇಕಾದವರು ಮಾಲೀಕರು.

ತಾರೀಖನ್ನು ಅಂಕಿಯಲ್ಲಿ ಬಿಡಲೇಬೇಡಿ. ನಮಗೆ 01/07 ಅಂದರೆ ಜುಲೈ ಒಂದು. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದು ರೂಢಿ, ಅವರಿಗೆ ಅದು ಜನವರಿ ಏಳು. ಕೆಲ ವರ್ಷ ಅಲ್ಲಿದ್ದವರ ಕಣ್ಣೂ ಹಾಗೇ ಓದಲು ಶುರುಮಾಡುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. "5ನೇ ತಾರೀಖಿನೊಳಗೆ" ಎಂಬುದಕ್ಕೆ ಬರೀ 'ಬಿಫೋರ್' ಅಂತ ಹಾಕಿದರೆ ಐದನೇ ತಾರೀಖು ಕೈಬಿಟ್ಟುಹೋಗುತ್ತದೆ. 'ಆನ್ ಆರ್ ಬಿಫೋರ್' ಎಂದರೆ ಸರಿಹೋಗುತ್ತದೆ.

ಇನ್ನು "ಮುಂಗಡ". ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹೀಗೇ ಒಬ್ಬರಿಗೆ ಪತ್ರ ಮಾಡಿಕೊಡುವಾಗ ಸುಮ್ನೆ 'ಅಡ್ವಾನ್ಸ್' ಅಂತ ಬರೆದುಬಿಟ್ಟೆ. ನಾವೆಲ್ಲ ಬಾಯಲ್ಲಿ ಅನ್ನೋದು ಅದನ್ನೇ ಅಲ್ವಾ? ಅವರು ಅದನ್ನು ಮುಂದಿನ ತಿಂಗಳುಗಳ ಬಾಡಿಗೆಯನ್ನು ಮೊದಲೇ ಕೊಡುವುದು ಅಂತ ತಿಳಿದರು. ಹಣ ಕಳಿಸಿ, ಎರಡು ತಿಂಗಳು ಬಾಡಿಗೆ ಕಟ್ಟದೆ ಸುಮ್ಮನಿದ್ದರು. ಅವರಿಗೂ ಮಾಲೀಕರಿಗೂ ಮಾತು ಬೆಳೆಯಿತು. ಬೆಂಗಳೂರಿನ ಅಡ್ವಾನ್ಸ್ ಅಂದರೆ ಮನೆ ಬಿಡುವಾಗ ವಾಪಸ್ ಬರುವ ಹಣ. ಇಂಗ್ಲಿಷಿನಲ್ಲಿ ಅದು 'ರೀಫಂಡಬಲ್ ಸೆಕ್ಯುರಿಟಿ ಡೆಪಾಸಿಟ್'. ಬಾಡಿಗೆಯ ಹತ್ತು ಪಟ್ಟು ಅಡ್ವಾನ್ಸ್ ಇಟ್ಟವರಾದರೆ ಈ 15,000 ಎಲ್ಲಿಂದ ಬಂತು ಅನ್ನೋದೂ ಗೊತ್ತಾಗುತ್ತದೆ: ಹೆಚ್ಚಿದ ಒಂದೂವರೆ ಸಾವಿರದ ಹತ್ತು ಪಟ್ಟು. ಆದರೆ ಅದು ನಿಮ್ಮ ಊಹೆ. ಅನುವಾದದೊಳಗೆ ಸೇರಿಸಬೇಡಿ, ಟಿಪ್ಪಣಿಯಲ್ಲಿರಲಿ. ಹಾಗೇ ಪತ್ರದಲ್ಲೆಲ್ಲಾದರೂ "ಭೋಗ್ಯ" ಅಂತ ಬಂದರೆ ಬರೀ 'ಲೀಸ್' ಎಂದು ಬರೆಯಬೇಡಿ. ಇಂಗ್ಲಿಷಿನಲ್ಲಿ ತಿಂಗಳ ಬಾಡಿಗೆ ಕರಾರಿಗೂ ಅದೇ ಹೆಸರು. ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು ಎಂದು ಬಿಡಿಸಿಯೇ ಹೇಳಬೇಕು.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ವಾಕ್ಯಗಳ ಕೊನೆಗೆ. ಕನ್ನಡದಲ್ಲಿ ಮಾತಿನ ಬಿಗಿಯೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. "ನಿಗದಿಪಡಿಸಲಾಗಿದೆ" ಅಂದರೆ ತೀರ್ಮಾನ ಆಗಿಹೋಗಿದೆ. "ನಿಗದಿಪಡಿಸಲು ಉದ್ದೇಶಿಸಲಾಗಿದೆ" ಅಂತಿದ್ದರೆ ಅದಿನ್ನೂ ಪ್ರಸ್ತಾಪ, ಮಾತಾಡಲು ಜಾಗ ಇದೆ. "ಪಾವತಿಸತಕ್ಕದ್ದು" ಅಂದರೆ ಕಟ್ಟಲೇಬೇಕು, ಅದಕ್ಕೆ 'ಮಸ್ಟ್'. ಹಳೇ ಶೈಲಿಯ 'ಶಲ್' ಬೇಕಿಲ್ಲ. "ಕೋರಿದೆ" ಅಂದರೆ ಕೇಳಿಕೊಂಡಿದ್ದಾರೆ ಅಷ್ಟೇ. ಅಂದರೆ ಬಾಡಿಗೆಯ ವಿಷಯದಲ್ಲಿ ಆಜ್ಞೆ, ಅಡ್ವಾನ್ಸ್ ವಿಷಯದಲ್ಲಿ ಕೋರಿಕೆ. ಎರಡಕ್ಕೂ 'ಮಸ್ಟ್' ಹಾಕಿದರೆ ಪಾಪ ಬಾಡಿಗೆದಾರರು ಕೇಳಬಹುದಾದ ಮಾತನ್ನೂ ಕೇಳದೆ ಹಣ ಕಳಿಸುತ್ತಾರೆ. ಎರಡಕ್ಕೂ 'ಪ್ಲೀಸ್' ಹಾಕಿದರೆ ಕಟ್ಟಲೇಬೇಕಾದದ್ದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಇದೇ ಕಾರಣಕ್ಕೆ ಕೊನೆಯ ವಾಕ್ಯ ತೊಡಕಿನದು. "ತಪ್ಪಿದಲ್ಲಿ" ಅಂದರೆ ಯಾವುದು ತಪ್ಪಿದರೆ? ಬಾಡಿಗೆಯೋ, ಅಡ್ವಾನ್ಸೋ, ಎರಡೂವೋ? ಪತ್ರ ಹೇಳುತ್ತಿಲ್ಲ. ನೀವೂ ಹೇಳಬೇಡಿ. 'ಇಫ್ ದಿಸ್ ಈಸ್ ನಾಟ್ ಡನ್' ಅಂತ ಅಷ್ಟೇ ಮಸುಕಾಗಿ ಬಿಟ್ಟು, ಇಲ್ಲಿ ಒಂದಕ್ಕಿಂತ ಹೆಚ್ಚು ಅರ್ಥ ಬರುತ್ತದೆ, ಮಾಲೀಕರನ್ನು ಕೇಳಿ ಎಂದು ಕೆಳಗೆ ಬರೆಯಿರಿ. ಈ ವಾಕ್ಯ ಕಂಡ ತಕ್ಷಣ ಮೇಲೆ 'ಎವಿಕ್ಷನ್ ನೋಟಿಸ್' ಅಂತ ತಲೆಬರಹ ಹಾಕುವವರೂ ಇದ್ದಾರೆ. ಅದು ತಪ್ಪು. ಈ ಪತ್ರದಲ್ಲಿ ಮನೆ ಬಿಡಬೇಕಾದ ತಾರೀಖೇ ಇಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನದ ಲಿಖಿತ ನೋಟಿಸ್ ಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಹೇಳುತ್ತದೆ. ಇದು ಬಾಡಿಗೆ ಹೆಚ್ಚಳದ ಪತ್ರ, ಕೊನೆಯಲ್ಲೊಂದು ಎಚ್ಚರಿಕೆ ಇದೆ, ಅಷ್ಟೇ.

"ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂಬುದಕ್ಕೆ 'ದಿಸ್ ಈಸ್ ಟು ಇನ್‌ಫಾರ್ಮ್ ಯು' ಸಾಕು. "ಸದರಿ" ಎಂಬುದಕ್ಕೆ ಮನೆಯ ವಿಳಾಸವನ್ನೇ ಬರೆದರೆ ಇನ್ನೂ ಸ್ಪಷ್ಟ.

ಕಳಿಸುವಾಗ ಒಂದೇ ಹಾಳೆಯಲ್ಲಿ ಮೇಲೆ ಅನುವಾದ, ಒಂದು ಗೆರೆ, ಗೆರೆಯ ಕೆಳಗೆ ನಿಮ್ಮ ಟಿಪ್ಪಣಿ. ಮೂಲ ಪತ್ರದ ಫೋಟೋ ಜೊತೆಗಿರಲಿ. ಇದು ಅರ್ಥವಾಗಲೆಂದು ಮಾಡಿದ ಅನುವಾದ, ಕೋರ್ಟಿಗಲ್ಲ ಎಂದು ಒಂದು ಸಾಲು ಸೇರಿಸಿ. ಕರಾರು ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅದರ ಪ್ರತಿ ಅವರ ಹತ್ತಿರವೂ ಇರಬೇಕು. 4ನೇ ಷರತ್ತನ್ನು ತೆಗೆದು, ಅಲ್ಲಿ ಎಷ್ಟು ಹೆಚ್ಚಳಕ್ಕೆ ಒಪ್ಪಿದ್ದೀರಿ, ಅಡ್ವಾನ್ಸ್ ಹೆಚ್ಚಿಸುವ ಮಾತು ಅಲ್ಲಿ ಇದೆಯೇ ಇಲ್ಲವೇ ನೋಡಿ ಅಂತ ಹೇಳಿ. ಆಮೇಲೆ ಒಂದು ಫೋನ್ ಮಾಡಿ, ಯಾವ ದಿನದಿಂದ, ತಿಂಗಳಿಗೆ ಎಷ್ಟು, ಡೆಪಾಸಿಟ್ ಎಷ್ಟು ಎಂದು ಅವರ ಬಾಯಿಂದಲೇ ಹೇಳಿಸಿ. ಮೂರರಲ್ಲಿ ಒಂದು ತಪ್ಪಿದರೂ ಆ ವಾಕ್ಯವನ್ನು ಮತ್ತೆ ಬರೆದು ಕಳಿಸಿ.