ತಪಾಸಣಾ ಶುಲ್ಕ ಕೇಳುವ ಖರೀದಿದಾರ: ಹಳೆಯ ವಂಚನೆಯ ಹೊಸ ನೆಪ

ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವವರಿಗೆ ಒಂದು ಇಮೇಲ್ ಬರುತ್ತದೆ ಎಂದುಕೊಳ್ಳಿ. ನಿಮ್ಮ ದರಕ್ಕೆ ಒಪ್ಪಿಗೆಯಿದೆ, ತಿಂಗಳಿಗೆ ಎರಡು ಕಂಟೇನರ್ ಬೇಕು, ಮೊದಲು ಮಾದರಿ ಕಳುಹಿಸಿ, ಕೊರಿಯರ್ ಶುಲ್ಕವನ್ನು ನಮ್ಮ ಏಜೆಂಟರ ಖಾತೆಗೆ ಹಾಕಿ, ಮೊದಲ ಬಿಲ್ಲಿನಲ್ಲಿ ಸೇರಿಸಿಕೊಳ್ಳಿ. ಆ ಹಣ ಸಂದಾಯವಾದರೆ ತಪಾಸಣೆಯ ಶುಲ್ಕ, ಅದಾದ ಮೇಲೆ ನೋಂದಣಿ ಶುಲ್ಕ. ಸರಕಿನ ಮಾತು ಮಾತ್ರ ಮುಂದಕ್ಕೆ ಹೋಗುವುದೇ ಇಲ್ಲ. ಮೆಣಸಿನಕಾಯಿಯನ್ನು ನಿಜವಾಗಿ ಕೊಳ್ಳುವವನು ಬಣ್ಣದ ಆಸ್ಟಾ ಮೌಲ್ಯ, ತೇವಾಂಶ, ಅಫ್ಲಾಟಾಕ್ಸಿನ್ ವರದಿ ಕೇಳುತ್ತಾನೆ, ದರಕ್ಕೆ ಚೌಕಾಸಿ ಮಾಡುತ್ತಾನೆ. ಇವನು ಎರಡನ್ನೂ ಮಾಡುವುದಿಲ್ಲ.

ದೊಡ್ಡ ಲಾಭದ ಆಸೆ ತೋರಿಸಿ ಸಣ್ಣ ಮೊತ್ತವನ್ನು ಮುಂಗಡ ಕೀಳುವ ಪತ್ರಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಯುರೋಪಿನಲ್ಲಿ ಓಡಾಡುತ್ತಿದ್ದವು. 1980ರ ದಶಕದಲ್ಲಿ ನೈಜೀರಿಯಾದಿಂದ ಅಂಚೆ, ಫ್ಯಾಕ್ಸ್ ಮೂಲಕ ಹೊರಟ ಅಂಥ ಪತ್ರಗಳಿಗೆ ಅಲ್ಲಿನ ದಂಡಸಂಹಿತೆಯ ಕಲಂನಿಂದಾಗಿ 419 ಎಂಬ ಹೆಸರು ಬಿತ್ತು. ಆಮೇಲೆ ಇಮೇಲ್ ಬಂದು ಅಂಚೆಯ ಖರ್ಚೂ ತಪ್ಪಿತು.

ರಫ್ತುದಾರರು ಇದನ್ನು ನಂಬುವುದಕ್ಕೆ ದುರಾಸೆಯೊಂದೇ ಕಾರಣವಲ್ಲ. ತಪಾಸಣೆಗೆ ರಫ್ತುದಾರನೇ ಹಣ ಕಟ್ಟುವ ಪದ್ಧತಿ ನಿಜವಾಗಿಯೂ ಇದೆ. ನೈಜೀರಿಯಾ 2005ರಲ್ಲಿ ಆಮದು ಸರಕುಗಳ ಗುಣಮಟ್ಟ ಪರಿಶೀಲಿಸುವ ಸಾನ್‌ಕ್ಯಾಪ್ ಯೋಜನೆ ತಂದ ಮೇಲೆ, ಅದರ ವ್ಯಾಪ್ತಿಗೆ ಬರುವ ಸರಕುಗಳಿಗೆ ಗುಣಮಟ್ಟದ ಪ್ರಮಾಣಪತ್ರ ಬೇಕಾಯಿತು. ಕೆನ್ಯಾದಲ್ಲೂ ಇಂಥದೇ ವ್ಯವಸ್ಥೆಯಿದೆ. ವಂಚಕ ಆಸರೆ ಪಡೆಯುವುದು ಈ ನಿಜದಿಂದಲೇ. ಹಾಗಾಗಿ 'ಶುಲ್ಕ ಕೇಳಿದರೆ ಮೋಸ' ಎಂಬ ಸರಳ ಎಚ್ಚರಿಕೆ ಅನುಭವಸ್ಥರ ಬಳಿ ಕೆಲಸಕ್ಕೆ ಬರುವುದಿಲ್ಲ.

ನೋಡಬೇಕಾದದ್ದು ಹಣ ಯಾರಿಗೆ ಹೋಗುತ್ತದೆ ಎಂಬುದನ್ನು. ಎಸ್‌ಜಿಎಸ್, ಬ್ಯೂರೋ ವೆರಿಟಾಸ್, ಇಂಟರ್‌ಟೆಕ್‌ನಂಥ ತಪಾಸಣಾ ಸಂಸ್ಥೆಗಳಿಗೆ ಭಾರತದಲ್ಲೇ ಕಚೇರಿಗಳಿವೆ. ಅಲ್ಲಿ ಸಂಸ್ಥೆಯ ಹೆಸರಿನ ಖಾತೆಗೆ ಹಣ ಕಟ್ಟಿದರೆ ಜಿಎಸ್‌ಟಿ ಬಿಲ್ ಸಿಗುತ್ತದೆ. ಖರೀದಿದಾರ ಹೇಳಿದ ಸಂಸ್ಥೆಯ ಸಂಖ್ಯೆಯನ್ನು ಅವನ ಇಮೇಲ್‌ನಿಂದ ತೆಗೆದುಕೊಳ್ಳದೆ, ನೀವೇ ಹುಡುಕಿ ಕರೆ ಮಾಡಿ. ವೆಸ್ಟರ್ನ್ ಯೂನಿಯನ್ ಮಾದರಿಯ ಸೇವೆಗಳು ಭಾರತಕ್ಕೆ ಹಣ ತರುತ್ತವೆ, ಆ ವ್ಯವಸ್ಥೆಯಲ್ಲಿ ಇಲ್ಲಿಂದ ಹೊರಗೆ ಕಳುಹಿಸಲು ಅವಕಾಶವಿಲ್ಲ. ಆದ್ದರಿಂದ ವಂಚಕ ಇಲ್ಲಿನ ಖಾತೆಯನ್ನೇ ತೋರಿಸುತ್ತಾನೆ; ವಿದೇಶಿ ಕಂಪನಿಯ 'ಭಾರತೀಯ ಏಜೆಂಟ್' ಎಂದು ಯಾರದೋ ಉಳಿತಾಯ ಖಾತೆ ಕೊಟ್ಟರೆ ಅಲ್ಲಿಗೇ ನಿಲ್ಲಿಸಬೇಕು.

ಮಾದರಿಯ ವಿಷಯದಲ್ಲಿ ಇನ್ನೊಂದು ಬಲೆಯಿದೆ. ಶುಲ್ಕ ನಮ್ಮದೇ ಎಂದು ಖರೀದಿದಾರ ತನ್ನ ಕೊರಿಯರ್ ಖಾತೆ ಸಂಖ್ಯೆ ಕೊಡುತ್ತಾನೆ. ಆ ಖಾತೆ ಕದ್ದದ್ದಾಗಿದ್ದರೆ ಬಿಲ್ ತಿಂಗಳ ನಂತರ ಕಳುಹಿಸಿದವರ ಕೈಗೇ ಬರಬಹುದು, ಬಹುತೇಕ ಕೊರಿಯರ್ ಕಂಪನಿಗಳ ಷರತ್ತಿನಲ್ಲೇ ಅದಿದೆ. ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಪಾರ್ಸೆಲ್ ಕೊಡುವ ಮೊದಲೇ ಕೊರಿಯರ್ ಕಚೇರಿಯಲ್ಲಿ ಕೇಳಿಕೊಳ್ಳಿ. ಆರ್ಡರ್ ದೊಡ್ಡದಾದರೆ ರಫ್ತು ಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆಯಾದ ಇಸಿಜಿಸಿಯಿಂದ ಖರೀದಿದಾರನ ಸಾಲಯೋಗ್ಯತೆಯ ವರದಿ ತರಿಸಿಕೊಳ್ಳಬಹುದು. ಹಣ ಕೈಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಂಚಕ ಖಾತೆಯಿಂದ ಹಣ ತೆಗೆಯುವ ಮುನ್ನ ಸಿಕ್ಕರೆ ಮಾತ್ರ ಅದನ್ನು ತಡೆಹಿಡಿಯಲು ಸಾಧ್ಯ.